ಇನ್ನೂರು ಎಂದ ಜಾಲತಾಣ

ಪೈಸಾಂದೂ ಊರಿನ ಉಣ್ಣೆ ಗಿರಣಿ ಬಾಗಿಲು ಹಾಕಿದಾಗ ಸುಲ್ಮಾ ಎಚೆವೆರಿಗೆ ನಲವತ್ತು ದಾಟಿತ್ತು. ಅಷ್ಟು ವರ್ಷ ಅವಳು ಅಲ್ಲಿನ ಕಚೇರಿಯಲ್ಲಿ ಕೂತು ಕೆಲಸಗಾರರ ಸಂಬಳದ ಪಟ್ಟಿ ಮಾಡಿದವಳು. ಮನೆಗೆ ಬಂದ ಮೇಲೆ ಅವಳಿಗಿದ್ದ ಕೆಲಸ ತಾಯಿಯ ಆರೈಕೆ. ತಾಯಿಗೆ ಕರುಳಿನ ಶಸ್ತ್ರಚಿಕಿತ್ಸೆಯಾಗಿ, ಮಲ ಹೊರಹೋಗಲು ಹೊಟ್ಟೆಯ ಮೇಲೆಯೇ ಒಂದು ದಾರಿ ಮಾಡಿದ್ದರು. ಅಲ್ಲಿಗೆ ಅಂಟಿಸುವ ಚೀಲ ಚರ್ಮಕ್ಕೆ ಒಗ್ಗದಿದ್ದರೆ ಏನಾಗುತ್ತದೆಂಬುದನ್ನು ಸುಲ್ಮಾ ಆರು ವರ್ಷ ತನ್ನ ಕೈಯಾರೆ ತೊಳೆದು ಕಲಿತಳು.

ತಾಯಿ ತೀರಿಕೊಂಡ ಮೇಲೆ ಆ ಕಲಿಕೆಯೇ ಅಂಗಡಿಯಾಯಿತು. ನಿವೃತ್ತ ದಾದಿ ಇರಿಸ್ ಅವಳ ಜೊತೆ ಸೇರಿದಳು. ಆಸ್ಪತ್ರೆಯವರು ಕೊಡುವ ಚೀಲ ಒಗ್ಗದವರಿಗೆ ಬೇರೆ ಬಗೆಯ ಚೀಲ, ಚರ್ಮ ಕಾಯುವ ಲೇಪ, ಚೀಲದ ಬಾಯಿಗೆ ಕೂರಿಸುವ ಮೃದುವಾದ ಉಂಗುರ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಊರ ಹೊರಗಿನವರು. ಇಂಥದನ್ನು ನಾಲ್ಕು ಜನರ ಎದುರು ಕೇಳಲು ನಾಚುವವರು. ಅವರಿಗಾಗಿಯೇ ಜಾಲತಾಣ. ವೈದ್ಯರ ಚೀಟಿಯ ಚಿತ್ರ ಸೇರಿಸಿ ಆರ್ಡರ್ ಒತ್ತಿದರೆ ಪೆಟ್ಟಿಗೆ ಬಸ್ಸಿನಲ್ಲಿ ಹೋಗುತ್ತಿತ್ತು.

ಆದರೆ ಆ ಜಾಲತಾಣ ಮೊದಲಿನಿಂದಲೂ ಕಾಯಿಲೆಯ ಕೂಸು. ಆಗಾಗ ತೆರೆಯುತ್ತಲೇ ಇರಲಿಲ್ಲ. ಸರ್ವರ್ ನೋಡಿಕೊಳ್ಳುತ್ತಿದ್ದ ವಾಷಿಂಗ್ಟನ್ ಎಂಬವನಿಗೆ ಫೋನ್ ಮಾಡಿದರೆ, ಗೌರವದ 'ದೋನ್ಯಾ' ಸೇರಿಸಿ ಅವನದು ಒಂದೇ ಹಾಡು: "ನಮ್ಮ ಕಡೆ ಎಲ್ಲಾ ಸರಿಯಿದೆ, ದೋನ್ಯಾ ಸುಲ್ಮಾ. ನಿಮ್ಮ ಇಂಟರ್ನೆಟ್ಟೇ ಸರಿಯಿಲ್ಲ."

ಸಂಬಳದ ಪಟ್ಟಿ ಮಾಡಿದ ಕೈ ಸುಮ್ಮನಿರಲಿಲ್ಲ. ಸುಲ್ಮಾ ಗ್ರಂಥಾಲಯದ ಸಂಜೆ ತರಗತಿಗೆ ಹೋಗಿ, ಸ್ಪ್ರೆಡ್‌ಶೀಟಿನೊಳಗೇ ಬರೆದು ಕಂಪ್ಯೂಟರಿಗೆ ಆಜ್ಞೆ ಕೊಡುವ ಪುಟ್ಟ ಸ್ಕ್ರಿಪ್ಟ್ ಕಲಿತಳು. ಅದು ಐದು ನಿಮಿಷಕ್ಕೊಮ್ಮೆ ತಾನಾಗಿ ಎದ್ದು ಜಾಲತಾಣದ ವಿಳಾಸಕ್ಕೆ ಹೋಗಿ, ಅಲ್ಲಿಂದ ಬಂದ ಉತ್ತರದ ಸಂಖ್ಯೆಯನ್ನೂ ಸಮಯವನ್ನೂ ಹೊಸ ಸಾಲಿನಲ್ಲಿ ಬರೆಯಬೇಕು. ಇನ್ನೂರು ಎಂದರೆ ಪುಟ ಬಂತು. ಐನೂರು ಅಥವಾ ಅದಕ್ಕೂ ಮೇಲಿದ್ದರೆ ಸರ್ವರ್ ಕೈಚೆಲ್ಲಿತು. ಸ್ಕ್ರಿಪ್ಟ್ ನಡೆಯುವುದು ಎಲ್ಲೋ ದೂರದ ಯಂತ್ರದಲ್ಲಿ. ಹಾಗಾಗಿ ಅಂಗಡಿಯ ಇಂಟರ್ನೆಟ್ಟಿನ ನೆಪ ಅಲ್ಲಿ ನಡೆಯದು.

ಮೊದಲ ವಾರ ಪಟ್ಟಿಯಲ್ಲಿ ಇನ್ನೂರು ಬಿಟ್ಟು ಬೇರೇನೂ ಇರಲಿಲ್ಲ, ನಡುನಡುವೆ ಸಾಲುಗಳೇ ಕಾಣೆ. ತಾಣ ಕೆಟ್ಟ ಗಳಿಗೆಯಲ್ಲಿ ಸ್ಕ್ರಿಪ್ಟೂ ಗಾಬರಿಯಾಗಿ, ಬರೆಯುವ ಮೊದಲೇ ನಿಂತುಬಿಡುತ್ತಿತ್ತು. ತಪ್ಪು ಸಂಖ್ಯೆ ಬಂದರೂ ನಿಲ್ಲದೆ ಬರೆ, ಉತ್ತರವೇ ಬರದಿದ್ದರೆ ಅದನ್ನೂ ಬರೆ ಎಂದು ಎರಡು ಸಾಲು ಸೇರಿಸಿದ ಮೇಲೆ ನಿಜ ಹೊರಬಿತ್ತು. ಪ್ರತಿ ಮಧ್ಯಾಹ್ನ ಐನೂರಮೂರು. ಮೊದಲ ಕೆಟ್ಟ ಸಾಲಿನಿಂದ ಮುಂದಿನ ಒಳ್ಳೆಯ ಸಾಲಿನವರೆಗೆ ಲೆಕ್ಕ ಹಾಕಿ, ತಾಣ ಎಷ್ಟು ಹೊತ್ತು ಸತ್ತಿತ್ತೆಂದು ತೋರಿಸಿ ವಾಷಿಂಗ್ಟನ್‌ಗೆ ಕಳಿಸಿದಳು. ಅವನು ಮರುಮಾತಾಡದೆ ತಾಣವನ್ನು ಬೇರೆ ಸರ್ವರಿಗೆ ಸಾಗಿಸಿದ.

ಆಮೇಲೆ ಎಲ್ಲಾ ಇನ್ನೂರು. ಒಳ್ಳೆಯ ಸಾಲು ಹಸಿರಾಗುವಂತೆ ಮಾಡಿದ್ದಳು. ಬೆಳಿಗ್ಗೆ ಮಾಟೆ ಎಲೆಯ ಚಹಾ ಹೀರುತ್ತಾ ಆ ಹಸಿರು ಪಟ್ಟಿಯನ್ನು ನೋಡುವುದು ಅವಳಿಗೆ ದೇವರ ಮುಂದೆ ದೀಪ ಹಚ್ಚಿದಷ್ಟು ನೆಮ್ಮದಿ.

ಅಲ್ಲಿ ಜೂನ್ ಎಂದರೆ ಚಳಿಗಾಲ. ಆ ಚಳಿಯಲ್ಲಿ ಆರ್ಡರ್‌ಗಳು ಬರುವುದು ನಿಂತಿತು. ಇರಿಸ್ ಎರಡು ಸಲ ಹೇಳಿದಳು, ಒಂದೂ ಬರ್ತಿಲ್ವಲ್ಲ, ಒಮ್ಮೆ ನೋಡು ಅಂತ. ಸುಲ್ಮಾ ಹಸಿರು ಪಟ್ಟಿ ತೋರಿಸಿದಳು. ಹೊಸದಾಗಿ ತೆರೆದ ದೊಡ್ಡ ಔಷಧಿ ಅಂಗಡಿಗೆ ಜನ ಹೋಗಿರಬೇಕು ಅಂದಳು. ಇರಿಸ್ ಕೂಡ ನಂಬಿದಳು.

ಆ ದಿನಗಳಲ್ಲೇ ಕೆಬ್ರಾಚೊ ಎಂಬ ದೂರದ ಹಳ್ಳಿಯಿಂದ ನೆಲ್ಸನ್ ಒಲಿವೇರಾ ಫೋನ್ ಮಾಡಿದ. ಕುರಿ ಉಣ್ಣೆ ಕತ್ತರಿಸುವ ಕೆಲಸದವನು. ಹೆಂಡತಿ ಗ್ಲಾದಿಸ್‌ಗೆ ಎರಡು ವರ್ಷದಿಂದ ಇದೇ ಅಂಗಡಿಯ ಚೀಲ.

"ಆರ್ಡರ್ ಹೋಗ್ತಿಲ್ಲಮ್ಮ. ಒತ್ತಿದ್ರೆ ಬಿಳೀ ಪುಟ ಬರತ್ತೆ."

ಸುಲ್ಮಾ ಮಾತಾಡುತ್ತಲೇ ಪಟ್ಟಿ ನೋಡಿದಳು. ಹಸಿರು.

"ನಮ್ಮ ಕಡೆ ಎಲ್ಲಾ ಸರಿಯಿದೆ, ನೆಲ್ಸನ್. ನಿಮ್ಮ ಫೋನೇ ಹಳೇದಾಗಿರಬೇಕು. ಬೇರೆ ಫೋನಿಂದ ನೋಡಿ."

ಸರಿ ಅಮ್ಮ, ಎಂದು ಅವನು ಇಟ್ಟುಬಿಟ್ಟ. ವಾದ ಮಾಡುವ ಜಾತಿಯ ಮನುಷ್ಯನಲ್ಲ.

ವಾರ ಕಳೆದ ಮೇಲೆ ಇರಿಸ್‌ಗೆ ಆಸ್ಪತ್ರೆಯ ಹಳೆಯ ಗೆಳತಿಯೊಬ್ಬಳು ಸಿಕ್ಕಳು. ಕೆಬ್ರಾಚೊದ ಹೆಂಗಸೊಬ್ಬಳು ಬಂದಿದ್ದಾಳೆ, ಚೀಲ ಮುಗಿದು ಕಿರಾಣಿ ಸಾಮಾನಿನ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳಂತೆ, ಹೊಟ್ಟೆಯ ಚರ್ಮ ಕೊಳೆತು ನಂಜು ರಕ್ತಕ್ಕೇರಿದೆ ಎಂದಳು. ಇರಿಸ್ ಅಂಗಡಿಗೆ ಬಂದವಳೇ ಕೋಟು ಕೂಡ ಬಿಚ್ಚದೆ ತನ್ನ ಫೋನಿನಲ್ಲಿ ಜಾಲತಾಣ ತೆರೆದಳು. ಮುಖಪುಟ ಚೆನ್ನಾಗಿಯೇ ಬಂತು. ಆರ್ಡರ್ ಒತ್ತಿದಳು. ಬಿಳೀ ಪುಟ.

"ನೀನು ಇದನ್ನ ನೋಡೇ ಇಲ್ವಾ?"

ಸುಲ್ಮಾ ಸ್ಕ್ರಿಪ್ಟಿನಲ್ಲಿದ್ದ ವಿಳಾಸವನ್ನು ಅಳಿಸಿ ಆರ್ಡರ್ ಪುಟದ ವಿಳಾಸ ಹಾಕಿ ಒಮ್ಮೆ ಓಡಿಸಿದಳು. ಐನೂರು. ಮತ್ತೆ ಓಡಿಸಿದಳು. ಐನೂರು.

ವಾಷಿಂಗ್ಟನ್ ನೋಡಿ ಹೇಳಿದ: ಹೊಸ ಸರ್ವರಿನ ಜಾಗ ತುಂಬಿಹೋಗಿದೆ, ಅದಕ್ಕೆ ಹೊಸದಾಗಿ ಏನನ್ನೂ ಬರೆದಿಡಲಾಗದು. ಮುಖಪುಟದ ಸಿದ್ಧ ಪ್ರತಿ ಮೊದಲೇ ಇತ್ತು, ಅದನ್ನೇ ಕೊಡುತ್ತಾ ಬಂದಿದೆ. ಆರ್ಡರ್ ಪುಟಕ್ಕೆ ಬರೆಯಲು ಜಾಗ ಬೇಕು, ಅದು ಕುಸಿದಿದೆ. ಅವಳ ಸ್ಕ್ರಿಪ್ಟ್ ಮೊದಲಿನಿಂದಲೂ ಕೇಳುತ್ತಿದ್ದದ್ದು ಮುಖಪುಟವನ್ನು ಮಾತ್ರ. ಇನ್ನೂರು ಎಂದಾಗ ಅದು ಸುಳ್ಳು ಹೇಳಿರಲಿಲ್ಲ.

ಗ್ಲಾದಿಸ್‌ಗೆ ಬೇಕಾದ ಚೀಲದ ಪೆಟ್ಟಿಗೆಯನ್ನು ಸುಲ್ಮಾ ತಾನೇ ಆಸ್ಪತ್ರೆಗೆ ಒಯ್ದು ದಾದಿಯ ಕೈಗೆ ಕೊಟ್ಟಳು. ಒಳಗೆ ಬಿಡಲಿಲ್ಲ. ಭಾನುವಾರ ಗ್ಲಾದಿಸ್ ತೀರಿಕೊಂಡಳು.

ನೆಲ್ಸನ್‌ನನ್ನು ಕಂಡು ತಪ್ಪು ಒಪ್ಪಿಕೊಳ್ಳಲು ಸುಲ್ಮಾ ಹೊರಟಾಗ ಇರಿಸ್ ತಡೆದಳು. ಹೋಗಬೇಡ, ನೀನು ಬಾಯಿ ಬಿಟ್ಟು ಹೇಳಿದರೆ ಅವನು ಕೋರ್ಟಿಗೆ ಹೋಗಬಹುದು ಎಂದಳು. ಹೋದರೆ ಹೋಗಲಿ ಎಂದು ಸುಲ್ಮಾ ಮರುವಾರ ಕೆಬ್ರಾಚೊದ ಬಸ್ಸು ಹತ್ತಿದಳು. ನೆಲ್ಸನ್ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಅವನು ಕುರ್ಚಿ ತಂದಿಟ್ಟ, ಅವಳು ಕೂರಲಿಲ್ಲ.

"ನಿಮ್ಮ ಫೋನ್ ಸರಿಯಾಗೇ ಇತ್ತು, ನೆಲ್ಸನ್. ಕೆಟ್ಟಿದ್ದು ನಮ್ಮದು. ನಾನು ನೋಡ್ದೇನೇ ಹೇಳ್ಬಿಟ್ಟೆ."

ಅವನು ಕೊಡಲಿಯನ್ನು ಮರದ ದಿಮ್ಮಿಗೆ ಕಚ್ಚಿಸಿ, ಒಳಗೆ ಹೋಗಿ ಒಂದು ಫೋನ್ ತಂದು ತೋರಿಸಿದ. ಇನ್ನೂ ಹೊಸ ಹೊಳಪು.

"ನೀವು ಹೇಳಿದ್ರಲ್ಲ ಅಂತ ತಗೊಂಡೆ. ಉಣ್ಣೆ ಕೆಲಸದ ದುಡ್ಡು ಬರೋವರೆಗೂ ಕಾದು ತಗೊಂಡೆ. ಅವಳೇ ಕಾಯೋಣ ಅಂದ್ಲು. ನಿಮ್ಮ ಮಾತು ಅಂದ್ರೆ ಅವಳಿಗೆ ಅಷ್ಟು ನಂಬಿಕೆ." ಫೋನಿನ ಪರದೆಯನ್ನು ಅಂಗಿಯ ತುದಿಯಿಂದ ಒರೆಸಿದ. "ಇದ್ರಲ್ಲೂ ಬಿಳೀ ಪುಟಾನೇ ಬಂತು."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಆಸ್ಪತ್ರೆಯಿಂದ ತೆರೆಯದೆಯೇ ಹಿಂದೆ ಬಂದಿದ್ದ ಪೆಟ್ಟಿಗೆಯನ್ನು ಅವಳ ಕೈಗಿಟ್ಟು, ಬೇಕಾದವರಿಗೆ ಕೊಡಿ, ಇಲ್ಲಿಟ್ಟರೆ ನನ್ನ ಕಣ್ಣಿಗೆ ಬೀಳುತ್ತೆ ಎಂದ. ಮತ್ತೆ ಬರಬೇಡಿ ಎಂದೂ ಹೇಳಿದ. ಅದನ್ನೂ ಮೆಲ್ಲಗೇ ಹೇಳಿದ.

ಸ್ಕ್ರಿಪ್ಟ್ ಈಗಲೂ ನಡೆಯುತ್ತದೆ. ಎರಡೂ ಪುಟಗಳನ್ನು ಕೇಳುತ್ತದೆ, ಇನ್ನೂರು ಬಂದರೂ ಪುಟದೊಳಗೆ ಆರ್ಡರ್ ಗುಂಡಿಯ ಅಕ್ಷರಗಳಿವೆಯೇ ಎಂದು ಹುಡುಕುತ್ತದೆ. ಹಸಿರು ಬಣ್ಣವನ್ನು ಸುಲ್ಮಾ ತೆಗೆದುಹಾಕಿದಳು. ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ತಾನೇ ಗಿರಾಕಿಯಂತೆ ಒಂದು ಆರ್ಡರ್ ಕಳಿಸಿ, ಅದು ಬಂದು ಮುಟ್ಟುವವರೆಗೆ ಕಾಯುತ್ತಾಳೆ. ಆರ್ಡರ್ ಹೋಗ್ತಿಲ್ಲ ಎಂದು ಯಾರೇ ಫೋನ್ ಮಾಡಿದರೂ ಯಾಕೆಂದು ಕೇಳುವುದಿಲ್ಲ. ಯಾವ ಅಳತೆಯ ಚೀಲ, ಯಾವ ಬಸ್ಸು, ಅಷ್ಟೇ ಕೇಳುತ್ತಾಳೆ. ವೈದ್ಯರ ಚೀಟಿ ಆಮೇಲೆ ಬಂದರೂ ಆದೀತು.

ಇರಿಸ್ ಅವಳೊಡನೆ ಕೆಲಸ ಮಾಡುತ್ತಾಳೆ, ಗಿರಾಕಿಗಳ ಬಗ್ಗೆ ಮಾತಾಡುತ್ತಾಳೆ. ಕೆಬ್ರಾಚೊದ ಹೆಸರನ್ನು ಇಬ್ಬರೂ ಎತ್ತುವುದಿಲ್ಲ. ಆ ಊರಿನಿಂದ ಆಮೇಲೆ ಒಂದು ಆರ್ಡರೂ ಬಂದಿಲ್ಲ.