ಕೆರಗೋಡು ಬಸ್ಸಿನ ಸಾಲು

ಮಂಡ್ಯದ ನಮ್ಮ ಖಾಸಗಿ ಆಸ್ಪತ್ರೆಯಲ್ಲಿ ನಾನು ಹಿರಿಯ ನರ್ಸ್. ಏನಾದರೂ ಎಡವಟ್ಟಾದರೆ ವರದಿ ಬರೆಯುವ ಕೆಲಸವೂ ನನ್ನದೇ. ನನ್ನ ಕೈಕೆಳಗಿನ ಒಬ್ಬ ನರ್ಸ್ ಹುಡುಗಿ ಒಬ್ಬ ರೋಗಿಯ ಡ್ರಿಪ್ಪಿನ ಬಾಟಲಿಯನ್ನು ಪಕ್ಕದ ಹಾಸಿಗೆಯವರಿಗೆ ಹಾಕಿಬಿಟ್ಟಿದ್ದಳು. ಕೂಡಲೇ ತನಗೇ ಗೊತ್ತಾಗಿ ನಿಲ್ಲಿಸಿ, ಡಾಕ್ಟರಿಗೆ ಹೇಳಿ, ನನ್ನ ಹತ್ತಿರ ಬಂದಳು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ.

ಆ ವರದಿಯನ್ನು ಮದ್ದೂರಿನಲ್ಲಿ ಬೇರೆ ಆಸ್ಪತ್ರೆಗಳ ನರ್ಸ್‌ಗಳ ತರಬೇತಿಗೆ ಕೊಡಬೇಕಾಗಿತ್ತು. ಹುಡುಗಿ ಮಳವಳ್ಳಿಯ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದಳು. ಗಂಡನ ಮನೆ ಅಲ್ಲೇ. ಅಲ್ಲಿಯ ಮೇಟ್ರನ್ ಕೂಡ ತರಬೇತಿಗೆ ಬರುವವರಿದ್ದರು.

"ಅಕ್ಕ, ನನ್ ಎಸ್ರು ಬರಕ್ಕಿಲ್ಲ ತಾನೆ?" ಅಂದಳು.

"ಬುಡು, ನಾನಿದ್ದೀನಿ" ಅಂದೆ.

ಹೆಸರು, ರೋಗಿಗಳ ವಯಸ್ಸು, ಊರು, ಹಾಸಿಗೆ ನಂಬರು, ದಿನಾಂಕ, ಎಲ್ಲ ತೆಗೆದೆ. ಮೇಲಿನವರು ನೋಡಲಿ ಅಂತ ಆಡಳಿತಾಧಿಕಾರಿಗೆ ಕಳಿಸಿದೆ. ನನಗೆ ಆತನ ಮೇಲೆ ಮೊದಲಿಂದಲೂ ಅನುಮಾನ. ಯಾರು ಏನು ಮಾಡಿದರು ಅಂತ ಕೆದಕುವ ಚಪಲ ಜಾಸ್ತಿ. ವರದಿ ವಾಪಸು ಬಂದಾಗ ಹುಡುಗಿಯನ್ನೇ ಕೂರಿಸಿ ಓದಿಸಿದೆ. ಎರಡನೇ ಪುಟದಲ್ಲಿ ಅವಳ ಮುಖ ಬಾಡಿತು.

"ಕೆರಗೋಡು ಬಸ್ಸು ಕೆಟ್ಟು ಸಿಬ್ಬಂದಿ ತಡವಾಗಿ ಬಂದರು" ಅಂತ ಹೊಸ ಸಾಲು ಸೇರಿತ್ತು. ಅವಳ ತವರು ಕೆರಗೋಡು; ನಮ್ಮಲ್ಲಿ ಆ ಬಸ್ಸಿಗೆ ಬರುವವಳು ಇವಳೊಬ್ಬಳೇ. ಅರ್ಧ ಜಿಲ್ಲೆಗೆ ಗೊತ್ತು.

ನಾನು ಸಿಡಿಮಿಡಿಗೊಂಡು ಆತನ ಕೋಣೆಗೆ ಹೋದೆ.

"ಕಾರಣ ಬೇಡ್ವೇನ್ರೀ? ಎಸ್ರೇನೂ ಆಕಿಲ್ವಲ್ಲ" ಅಂದ.

"ಎಸ್ರು ಬ್ಯಾರೆ, ಬಸ್ಸು ಬ್ಯಾರೆನಾ ಸಾರ್?"

ಆತ ಪೆಚ್ಚಾದ. ಬೇಕೆಂದೇ ಸೇರಿಸಿದನೋ, ತಿಳಿಯದೆಯೋ, ನನಗೆ ಈಗಲೂ ಗೊತ್ತಿಲ್ಲ. "ಮುಂದಿನ ಪಾಳಿಯವರು ತಡವಾದ್ದರಿಂದ ಡ್ಯೂಟಿ ಒಪ್ಪಿಸುವಾಗ ಅವಸರವಾಯಿತು, ರೋಗಿಯ ಹೆಸರು ಕೇಳಲಿಲ್ಲ, ಕೈಗೆ ಕಟ್ಟಿದ ಹೆಸರಿನ ಪಟ್ಟಿ ನೋಡಲಿಲ್ಲ" ಅಂತ ತಿದ್ದಿದೆ. ಕಲಿಯಬೇಕಾದ್ದು ಅಷ್ಟೇ ಅಲ್ಲವೇ.

ಮದ್ದೂರಿನಲ್ಲಿ ವರದಿ ಓದಿ ಮುಗಿಸಿದ ಮೇಲೆ, ಊಟದ ಹೊತ್ತಿಗೆ ಮಳವಳ್ಳಿ ಮೇಟ್ರನ್ ಪಕ್ಕದಲ್ಲೇ ಬಂದು ಕೂತರು.

"ನಿಮ್ಮವಳು ಒಬ್ಳು ನಮ್ಗೆ ಅರ್ಜಿ ಆಕವ್ಳೆ. ವರದೀಲಿರೋದು ಅವಳಲ್ಲ ತಾನೆ?"

ಅಲ್ಲ ಅಂದರೆ ಸುಳ್ಳು. ಸುಮ್ಮನಿದ್ದರೆ ಹೌದು ಅಂದಂತೆಯೇ.

"ಯಾರ ಎಸ್ರು ಕೇಳಿದ್ರೂ ನಾನು ಏಳಕ್ಕಿಲ್ಲ ಕಣಮ್ಮ. ನೀನಾ ಅಂತ ನನ್ನ ಕೇಳಿದ್ರೂ ಇದೇ ಮಾತು."

"ಹಂಗಾರೆ ನಿಮ್ಮೋರ್ನೆಲ್ಲ ಅನುಮಾನ್ದಲ್ಲೇ ನೋಡ್ಬೇಕಲ್ಲ."

"ನೋಡಿ. ನನ್ನೂ ಸೇರ್ಸ್ಕೊಂಡು."

ಅವರು ಎಲೆಯಲ್ಲಿದ್ದ ಅನ್ನವನ್ನು ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಆಮೇಲೆ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು.

"ನಮ್ಮಲ್ಲೂ ಇಂಥದ್ದು ಆಗ್ಯದೆ. ಒಬ್ರೂ ಬಾಯ್ಬುಟ್ಟು ಏಳ್ನಿಲ್ಲ. ನಾನೂವೆ."