ಹಾಕಿದ ಸೀಸವೂ ಇಲ್ಲ

ಪುತ್ತೂರಿನ ನಮ್ಮ ನೀರು ಪರೀಕ್ಷೆಯ ಲ್ಯಾಬಿಗೆ ಒಬ್ಬ ಮುಖ್ಯಸ್ಥರಿದ್ದರು. ಬಾಟಲಿಯ ಮೇಲಿನ ಚೀಟಿ ಓದುವುದೂ ಅವರಿಗೆ ಮರ್ಯಾದೆ ಕಡಿಮೆಯ ಕೆಲಸ. ಒಮ್ಮೆ ಸುಳ್ಯ ಕಡೆಯ ಬೋರ್‌ವೆಲ್ ನೀರಿನಲ್ಲಿ ಸೀಸ ಇದೆಯೇ ಎಂದು ನೋಡಬೇಕಿತ್ತು. ನೀರಿಗೆ ನೈಟ್ರಿಕ್ ಆಸಿಡ್ ಹಾಕಿ ಕಾಯಿಸಿ, ಆಮೇಲೆ ಲೋಹ ಅಳೆಯುವ ಎಎಎಸ್ ಯಂತ್ರದ ಗ್ರಾಫೈಟ್ ಕುಲುಮೆಯಲ್ಲಿ ಸುಟ್ಟು, ಸೀಸದ ಪರಮಾಣುಗಳು ಹೀರುವ ಬೆಳಕನ್ನು ಅಳೆಯುವುದು ಕ್ರಮ. ನೈಟ್ರಿಕ್ ಮುಗಿದಿತ್ತು. ಇವರು ಹೈಡ್ರೋಕ್ಲೋರಿಕ್ ಸುರಿದರು.

“ಸರ್, ಇದರ ಕ್ಲೋರೈಡ್ ಸೇರಿದ್ರೆ ಕುಲುಮೆಯಲ್ಲಿ ಸೀಸ ಅಳೆಯುವ ಮೊದಲೇ ಆವಿಯಾಗಿ ಹಾರಿ ಹೋಗ್ತದೆ,” ಎಂದೆ.

“ಆಸಿಡ್ ಅಂದ್ರೆ ಆಸಿಡ್ ಮಾರಾಯ್ರೆ. ಅದರಲ್ಲಿ ಎಂತ ವ್ಯತ್ಯಾಸ ಉಂಟು?”

ಯಂತ್ರ ಸೀಸವಿಲ್ಲ ಎಂದಿತು. ‘ಕುಡಿಯಲು ಯೋಗ್ಯ’ ಎಂದು ಬರೆಯಲು ಅವರು ಪೆನ್ನು ತೆಗೆದರು. ನಾನು ಅದೇ ನೀರಿನ ಇನ್ನೊಂದು ಪಾಲಿಗೆ ಬೇಕೆಂದೇ ಸೀಸ ಬೆರೆಸಿ, ಅವರದ್ದೇ ಆಸಿಡಿನಲ್ಲಿ ಕಾಯಿಸಿ ಯಂತ್ರಕ್ಕೆ ಕೊಟ್ಟೆ. ಮತ್ತೆ ಹೆಚ್ಚುಕಡಿಮೆ ಸೊನ್ನೆ. ಈಗಲಾದರೂ ನಾಚಿಕೆಯಾದೀತು ಎಂದು ಅವರ ಮುಖ ನೋಡಿದೆ.

ಅವರು ನನ್ನ ಬೆನ್ನು ತಟ್ಟಿದರು.

“ನೋಡಿ, ನೀವು ಹಾಕಿದ ಸೀಸವೂ ಇಲ್ಲ. ನೀರು ಅಷ್ಟು ಶುದ್ಧ ಉಂಟು!”