ಬಾಗಿಲ ಹತ್ತಿರದ ಕಪ್ಪು ಟೇಪು

ಹಿಟ್ಟಿನ ದೂಳು ನನಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಯ ಗಿರಣಿ ಮಾರುವ ಮಾತು ಎದ್ದಿತು. ಅಡಿಗಿಮನಿ ಮೂಲೆಯಲ್ಲಿ ಸಣ್ಣ ಕಪಾಟಿನ ಹಂಗೆ ನಿಂತಿರುತ್ತಿತ್ತು ಅದು. ಮೇಲೆ ಜ್ವಾಳ ಸುರುವಿದರೆ ಒಳಗಿನ ಡಬ್ಬಿಗೆ ಹಿಟ್ಟು ಬೀಳುತ್ತಿತ್ತು. ಶಲವಡಿಯಲ್ಲಿ ನಮ್ಮ ಓಣಿಯ ಎಷ್ಟೋ ಮನೆಯವರು ಹಬ್ಬಕ್ಕೆ ನಮ್ಮಲ್ಲೇ ಬೀಸಿಕೊಂಡು ಹೋಗಿದ್ದಾರೆ. ಉಸಿರು ಕಟ್ಟಿದರೂ ಗುಳಿಗೆಗೆ ಬಗ್ಗುವಷ್ಟೇ ಕಟ್ಟಿತು, ಅದು ಶಿವನ ದಯೆ ಅಂದುಕೊಂಡೆ.

ನಮ್ಮ ಮಹಿಳಾ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಯಾರಾದರೂ ಒಯ್ಯುತ್ತಾರೆ ಎಂದು ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಅಂದಳು. ಬರೆಯುವುದು ಹೇಗೆ ಅಂತ ಕೇಳಿದ್ದಕ್ಕೆ, "ಫೋಟೋ ಹಾಕಿ ಎಐಗೆ ಹೇಳ್ ಬೇ, ಅದ ಬರದ ಕೊಡ್ತದ. ನಿನ್ನ ಕೈಲೆ ಬರಸಿದ್ರ ನಡುವ ನಾಕು ಸಲ ಶಿವಶಿವಾ ಬರ್ತದ" ಎಂದು ನಕ್ಕಳು. ಫೋನಿನಲ್ಲಿ ಅದನ್ನು ಹಾಕಿಕೊಟ್ಟವಳೂ ಅವಳೇ.

ಸ್ನಾನ ಮಾಡಿ ಗಿರಣಿ ಒರೆಸಿದೆ. ವಿಭೂತಿ ಹಚ್ಚದೆ ಫೋಟೋ ತೆಗೆಯಲು ಮನಸ್ಸು ಬರಲಿಲ್ಲ, ಗಿರಣಿಯ ಮುಂದಿನ ಬಾಗಿಲಿಗೆ ಮೂರು ಬೆರಳು ಎಳೆದೆ. ಐದು ಫೋಟೋ ತೆಗೆದೆ: ಮುಂದಿನಿಂದ ಒಂದು, ಬಾಜೂಕಿನಿಂದ ಒಂದು, ಒಳಗೆ ಎಷ್ಟು ಸ್ವಚ್ಛ ಇದೆ ಎಂದು ಕಾಣಲಿ ಅಂತ ಬಾಗಿಲು ತೆರೆದು ಒಂದು, ಹಿಟ್ಟು ಸಣ್ಣಗೆ, ದಪ್ಪಗೆ ಬೀಳಲು ಹಾಕುವ ಜಾಳಿಗೆಗಳನ್ನು ತಾಟಿನಲ್ಲಿ ಸಾಲಾಗಿ ಇಟ್ಟು ಒಂದು, ಹಿಂದೆ ಅಂಟಿಸಿದ ಕಂಪನಿ ಪಟ್ಟಿಯದು ಒಂದು. ಐದನ್ನೂ ಹಾಕಿ, "ಜಾಹೀರಾತು ಬರೆದು ಕೊಡು" ಎಂದಷ್ಟೇ ಬರೆದೆ. ಗಿರಣಿ ಅಂತಲೂ ಹೇಳಲಿಲ್ಲ.

ಕ್ಷಣದಲ್ಲಿ ಬರೆಯಿತು. ಓದಿ ನಾನು ಬೆರಗಾದೆ.

"ಮನೆ ಬಳಕೆಯ ಹಿಟ್ಟಿನ ಗಿರಣಿ ಮಾರಾಟಕ್ಕಿದೆ. ಒಂದು ಎಚ್‌ಪಿ ಮೋಟಾರು ಎಂದು ಹಿಂದಿನ ಪಟ್ಟಿಯಲ್ಲಿದೆ. ಹೊರಮೈ ಸ್ವಚ್ಛವಾಗಿದೆ, ಎಡಬದಿಯ ಕೆಳ ಅಂಚಿನಲ್ಲಿ ಬಣ್ಣ ಸ್ವಲ್ಪ ಹೋಗಿದೆ. ಐದು ಜಾಳಿಗೆ, ಹಿಟ್ಟಿನ ಡಬ್ಬಿ ಜೊತೆಗಿವೆ. ಬಾಗಿಲ ಒಳ ಅಂಚಿನಲ್ಲಿರುವ ಸಣ್ಣ ಸ್ವಿಚ್ಚಿನ ಮೇಲೆ ಕಪ್ಪು ಟೇಪು ಸುತ್ತಲಾಗಿದೆ. ಬೆಲೆ: ____. ಊರು: ____."

ಕೆಳಗೆ ನನಗೆ ಬೇರೆಯಾಗಿ ಎರಡು ಮಾತು ಬರೆದಿತ್ತು. ಗಿರಣಿ ಎಷ್ಟು ವರ್ಷದ್ದು, ಸರಿಯಾಗಿ ನಡೆಯುತ್ತದೆಯೇ ಎಂಬುದು ಫೋಟೋದಿಂದ ತಿಳಿಯುವುದಿಲ್ಲ, ಅದನ್ನು ನೀವೇ ಸೇರಿಸಿ ಅಂತ ಒಂದು. ಮೂರನೇ ಫೋಟೋದಲ್ಲಿ ಟೇಪು ಸುತ್ತಿರುವುದು ಬಾಗಿಲು ತೆಗೆದಾಗ ಗಿರಣಿ ನಿಲ್ಲಿಸುವ ಸ್ವಿಚ್ಚಾಗಿದ್ದರೆ, ಮಾರುವ ಮೊದಲು ಸರಿಮಾಡಿಸಿರಿ, ಇಲ್ಲವೇ ಕೊಳ್ಳುವವರಿಗೆ ಹೇಳಿರಿ ಅಂತ ಇನ್ನೊಂದು.

ಅದು ಆ ಸ್ವಿಚ್ಚೇ. ಜ್ವಾಳದ ಹಿಟ್ಟು ಕಾಯ್ದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಬಿರಿಯುತ್ತವೆ. ಅದಕ್ಕೆ ಬೀಸುವಾಗಲೇ ಒಂದು ಚಿಟಿಕೆ ಹಿಟ್ಟು ಬೆರಳಲ್ಲಿ ಹಿಡಿದು ನೋಡುವುದು ನಮ್ಮ ರೂಢಿ. ಈ ಗಿರಣಿ ಬಾಗಿಲು ತೆಗೆದಾಕ್ಷಣ ನಿಂತುಬಿಡುತ್ತಿತ್ತು. ಬೇಸತ್ತು ಯಜಮಾನರಿಗೆ ಹೇಳಿದ್ದು ನಾನೇ. ಅವರು ಸ್ವಿಚ್ಚನ್ನು ಒತ್ತಿ ಹಿಡಿದು ಟೇಪು ಸುತ್ತಿಬಿಟ್ಟರು. ಅಂದಿನಿಂದ ಬಾಗಿಲು ತೆರೆದೇ ಇದ್ದರೂ ಗಿರಣಿ ತಿರುಗುತ್ತಿತ್ತು. ವರುಷಗಟ್ಟಲೆ ಹಂಗೇ ಬೀಸಿದ್ದೆ. ಅದು ಕೊರತೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಯಜಮಾನರಿಗೆ ಓದಿ ಹೇಳಿದೆ.

"ಅಗದಿ ಚಂದ ನಡೀತದ ಅಂತ ಯಾಕ ಬರದಿಲ್ಲ ಅದು?"

"ನಡಿಯೂದನ್ನ ಅದು ಎಲ್ಲಿ ನೋಡೇತ್ರಿ? ಕಂಡಷ್ಟ ಬರದದ."

"ಕಂಡಷ್ಟ ಬರದು ಟೇಪಿನ ತನಕ ಹೋತೇನು? ಅದನ್ನ ಮಾರಾಕ ಕೂಡಿಸೇವೋ, ಪಂಚಾಯ್ತಿ ಮಾಡಾಕೋ? ಆ ಸಾಲು ತಗಿ. ಆ ಫೋಟೋನೂ ತಗಿ."

"ಯಾರಾರ ಕೇಳಿದ್ರ?"

"ಕೇಳಿದ್ರ ಹೇಳೂಣು. ಕೇಳದಿದ್ರ ಏನ ಹೇಳ್ತಿ?"

ತೆಗೆದೆ. ಸಾಲನ್ನೂ ಅಳಿಸಿದೆ, ಮೂರನೇ ಫೋಟೋವನ್ನೂ ಬಿಟ್ಟೆ. "ಚಂದ ನಡೀತದ" ಎಂದು ನಾನೇ ಸೇರಿಸಿದೆ, ಅದೇನು ಸುಳ್ಳಲ್ಲವಲ್ಲ. ಬಣ್ಣ ಹೋದದ್ದನ್ನು ಮಾತ್ರ ಹಂಗೇ ಬಿಟ್ಟೆ. ಸಣ್ಣ ಕೊರತೆಯನ್ನು ಹೇಳಿ ದೊಡ್ಡದನ್ನು ಮುಚ್ಚಿದೆ ಎಂಬುದು ಆಗಲೇ ಮನಸ್ಸಿಗೆ ಚುಚ್ಚಿತ್ತು, ಈಗ ಇಲ್ಲ ಅಂದರೆ ಆಗುತ್ತದೆಯೇ?

ಎರಡನೇ ದಿನ ಯಮನೂರು ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ನನಗಿಂತ ಹತ್ತು ವರುಷ ಸಣ್ಣವಳಿರಬೇಕು. ಮೂರು ವರುಷದ ಮಗಳು ಬಗಲಲ್ಲಿ. ರೊಟ್ಟಿ ಮಾಡಿ ಮಾರುವ ಕೆಲಸ ಶುರು ಮಾಡಿದ್ದಾಳಂತೆ, ಪ್ರತಿ ಸಲ ಹಿಟ್ಟಿಗೆ ದೂರ ಹೋಗಬೇಕಂತೆ.

"ಜಾಹೀರಾತು ಭಾಳ ಚಂದ ಬರದೀರಿ ಅಕ್ಕಾರ. ಬಣ್ಣ ಹೋಗೇತಿ ಅಂತನೂ ಬರದೀರಿ ನೋಡ್ರಿ, ಹಂಗ ಯಾರು ಬರೀತಾರ? ಅದಕ್ಕ ನಂಬಿಗಿ ಬಂತು" ಎಂದಳು.

ನಾನು ಚಹಾ ಕೊಟ್ಟೆ. ಮುಖ ಎತ್ತಿ ನೋಡಲಾಗಲಿಲ್ಲ.

ಯಜಮಾನರು ಎರಡು ಬೊಗಸೆ ಜ್ವಾಳ ಹಾಕಿ ಗಿರಣಿ ಚಾಲೂ ಮಾಡಿದರು. ಅವಳು ಕೂಸನ್ನು ಇಳಿಸಿದಳು. ಹಿಟ್ಟು ಕಾಯುವುದಿಲ್ಲ ಎಂದು ತೋರಿಸಬೇಕಲ್ಲ, ನನ್ನ ಕೈ ರೂಢಿಯಂತೆ ಬಾಗಿಲು ತೆಗೆಯಿತು, ಒಂದು ಚಿಟಿಕೆ ತೆಗೆದು ಅವಳ ಅಂಗೈಗೆ ಇಟ್ಟೆ. "ಏ, ತಂಪನ ಐತ್ರಿ!" ಎಂದು ಅವಳು ಹಿಗ್ಗಿದಳು. ನಾವು ಮೂವರೂ ಆ ಹಿಟ್ಟನ್ನೇ ನೋಡುತ್ತಿದ್ದೆವು.

ಕೂಸು ನನ್ನನ್ನು ನೋಡಿತ್ತು. ನಾನು ಮಾಡಿದಂತೆಯೇ ಬಗ್ಗಿ ಕೈ ಹಾಕಿತು. ಆದರೆ ಡಬ್ಬಿಗಲ್ಲ, ಮೇಲಿನ ಹೊಳೆಯುವ ಗುಂಡು ಹಿಡಿಕೆಗೆ. ಅದು ಬಿಗಿ ಹಿಡಿದ ಮುಚ್ಚಳದ ಹಿಂದೆ ಕಾಳು ಪುಡಿ ಮಾಡುವ ಕಬ್ಬಿಣ ತಿರುಗುತ್ತಿರುತ್ತದೆ. ಆ ಹಿಡಿಕೆ ನಡುಕಕ್ಕೆ ಸಡಿಲಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ನಾನೇ ದಿನಾ ಬಿಗಿ ಮಾಡುತ್ತಿದ್ದೆ.

ಹ್ಯಾಂಗೆ ಹೋದೆನೋ. ಒಂದು ಕೈಯಿಂದ ಕೂಸನ್ನು ಎಳೆದು ಇನ್ನೊಂದು ಕೈಯಿಂದ ಪ್ಲಗ್ಗು ಕಿತ್ತೆ. ಕೂಸು ಬೆದರಿ ಅಳತೊಡಗಿತು. ಅದರ ಕೈ ಹಿಡಿದು ಐದೂ ಬೆರಳು ಮುಟ್ಟಿ ನೋಡಿದೆ. ಐದೂ ಇದ್ದವು.

"ಏನಾತ್ರಿ?" ಎಂದು ಅವಳು ಗಾಬರಿಯಾದಳು.

ಯಜಮಾನರು ನನ್ನ ಕಡೆ ನೋಡಿದರು, ಸುಮ್ಮನಿರು ಎಂಬಂತೆ. ನಾನು ಬಾಗಿಲ ಅಂಚು ತೋರಿಸಿದೆ. "ಬಾಗಿಲಾ ತಗದ್ರ ಇದು ನಿಲ್ಲಬೇಕು ನೋಡವ್ವಾ. ನಾವ ಟೇಪ ಸುತ್ತೇವಿ. ಜಾಹೀರಾತಿನ್ಯಾಗ ಬರದಿತ್ತು, ನಾನ ಅಳಿಸೀನಿ."

ಅವಳು ಕೂಸನ್ನು ಎತ್ತಿಕೊಂಡಳು. "ಬಣ್ಣ ಹೋಗಿದ್ದು ಬರದ್ರಿ, ಇದನ್ನ ಅಳಿಸಿದ್ರಿ. ನನ್ನ ಮನ್ಯಾಗ ಕೂಸು ಅದ ಅಂತ ನಿಮಗ ಗೊತ್ತಿರಲಿಲ್ಲ, ಖರೆ. ಆದ್ರ ಯಾರ ಮನ್ಯಾಗ ಇರೂದಿಲ್ರಿ ಅಕ್ಕಾರ?" ಎಂದಳು. ಸಿಟ್ಟಿನ ದನಿಯೂ ಅಲ್ಲ. ಅರ್ಧ ಚಹಾ ಬಿಟ್ಟು ಹೋದಳು.

"ಹೇಳದಿದ್ರ ನಡೀತಿತ್ತಲ್ಲ" ಎಂದು ಯಜಮಾನರು ಗೊಣಗಿದರು. ಆದರೆ ಸಂಜಿಗೆ ಅಣ್ಣಿಗೇರಿಗೆ ಹೋಗಿ ಹೊಸ ಸ್ವಿಚ್ಚು ತಂದು, ತಾವೇ ಕೂತು ಹಾಕಿದರು. ಬಾಗಿಲು ತೆಗೆದೆ, ಗಿರಣಿ ನಿಂತಿತು. ಅವಳಿಗೆ ಫೋನು ಮಾಡಿ ಹೇಳಿದೆ. ಬೇರೆ ಕಡೆ ನೋಡೇನ್ರಿ ಎಂದಳು. ಆ ಬೇರೆ ಕಡೆಯದರಲ್ಲಿ ಏನು ಸುತ್ತಿದ್ದಾರೋ, ನೋಡಿ ತಗೋ ಅವ್ವಾ ಎಂದೆ. ಅಷ್ಟು ಹೇಳುವ ಹಕ್ಕು ನನಗಿತ್ತೋ ಇಲ್ಲವೋ.

ಗುಂಪಿನಲ್ಲಿ ಮತ್ತೆ ಹಾಕಿದೆ, ಐದೂ ಫೋಟೋ, ಮೂರನೆಯದನ್ನು ಹೊಸದಾಗಿ ತೆಗೆದು. ಟೇಪು ಸುತ್ತಿದ್ದೆವು, ಈಗ ಸ್ವಿಚ್ಚು ಬದಲಿಸಿದ್ದೇವೆ, ಹಿಡಿಕೆಯನ್ನು ದಿನಾ ಬಿಗಿ ಮಾಡಬೇಕು ಎಂದು ನಾನೇ ಬರೆದೆ. ನೆಗೆಣ್ಣಿ ಓದಿ, "ಇದು ಜಾಹೀರಾತೋ, ತಪ್ಪೊಪ್ಪಿಗಿಯೋ?" ಎಂದಳು. ಇನ್ನೂ ಯಾರೂ ಕೇಳಿಲ್ಲ.

ಕೂಸಿನ ಬೆರಳು ಉಳಿದದ್ದು ದೇವರ ದಯೆ, ದಿನಾ ನೆನೆಯುತ್ತೇನೆ. ಆದರೆ ಅವತ್ತು ಅವಳು ಒಬ್ಬಳೇ ಬಂದಿದ್ದರೆ, ನಾನು ಹಿಟ್ಟು ತೋರಿಸಿ, ದುಡ್ಡು ತಗೊಂಡು, ಗಿರಣಿಯನ್ನು ಗಾಡಿಗೆ ಏರಿಸಿ ಕೊಡುತ್ತಿದ್ದೆನೇ? ಲಿಂಗದ ಮುಂದೆ ಕೂತಾಗ ಇದನ್ನೇ ಕೇಳಿಕೊಳ್ಳುತ್ತೇನೆ. ಕೊಡುತ್ತಿದ್ದೆ ಎಂದೇ ಅನ್ನಿಸುತ್ತದೆ.